ಥೇಲ್ಸ್ ಪ್ರಮೇಯದ ಸಾಧನೆಯಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು

ಹತ್ತನೆಯ ತರಗತಿಯ ಗಣಿತ ಪಠ್ಯದಲ್ಲಿ ಥೇಲ್ಸ್ ಪ್ರಮೇಯದ ಸಾಧನೆಗೆ ಬರೆಯುವ ಚಿತ್ರವನ್ನು ಒಮ್ಮೆ ಗಮನವಿಟ್ಟು ನೋಡಿ. ABC ಎಂಬ ತ್ರಿಭುಜ, ಅದರೊಳಗೆ BC ಗೆ ಸಮಾಂತರವಾಗಿ DE, ಅಡ್ಡಡ್ಡಲಾಗಿ ಹಾಯುವ BE ಮತ್ತು CD, D ಇಂದ AC ಗೆ DM, E ಇಂದ AB ಗೆ EN ಎಂಬ ಎರಡು ಲಂಬಗಳು. ಒಟ್ಟು ಎಂಟು ಗೆರೆಗಳು, ಏಳು ಅಕ್ಷರಗಳು, ಎರಡು ಲಂಬಕೋನದ ಗುರುತುಗಳು. ಸಾಧನೆಯನ್ನು ಈಗಾಗಲೇ ಬಲ್ಲವರಿಗೆ ಇದು ಸ್ಪಷ್ಟವಾದ ಚಿತ್ರ. ಮೊದಲ ಬಾರಿ ನೋಡುವ ವಿದ್ಯಾರ್ಥಿಗೆ ಮಾತ್ರ ಇದರಲ್ಲಿ ಯಾವುದು ಪ್ರಮೇಯವೇ ಕೊಟ್ಟದ್ದು, ಯಾವುದು ನಾವು ಎಳೆದುಕೊಂಡದ್ದು, ಯಾವುದನ್ನು ಯಾವಾಗ ಮತ್ತು ಏಕೆ ಎಳೆದೆವು ಎಂಬ ಯಾವ ಸುಳಿವೂ ಸಿಗುವುದಿಲ್ಲ. ಕರಿಹಲಗೆಯ ಮೇಲೆ ಶಿಕ್ಷಕರು ಒಂದೊಂದೇ ಗೆರೆ ಎಳೆಯುತ್ತ ಹೋದಾಗ ಆ ಕ್ರಮ ತಾನಾಗಿಯೇ ಕಾಣಿಸುತ್ತದೆ. ಅಚ್ಚಾದ ಪುಟದಲ್ಲಿ ಅದು ಅಳಿಸಿಹೋಗಿರುತ್ತದೆ. ರೇಖಾಗಣಿತದ ಸಾಧನೆಯೊಂದನ್ನು ಅನಿಮೇಷನ್ ಮಾಡುವುದೆಂದರೆ, ನನ್ನ ಮಟ್ಟಿಗೆ, ಈ ಕ್ರಮವನ್ನು ಮರಳಿ ತರುವ ಕೆಲಸ. ಉಳಿದದ್ದೆಲ್ಲ ಅಲಂಕಾರ.

ಮೊದಲು ಪ್ರಮೇಯವನ್ನು ನೆನಪಿಸಿಕೊಳ್ಳೋಣ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಎರಡು ಬೇರೆ ಬಿಂದುಗಳಲ್ಲಿ ಛೇದಿಸಿದರೆ, ಆ ಬಾಹುಗಳನ್ನು ಅದು ಸಮಾನುಪಾತದಲ್ಲಿ ವಿಭಾಗಿಸುತ್ತದೆ; ಅಂದರೆ AD/DB = AE/EC. ಹೆಸರು ಥೇಲ್ಸ್‌ನದಾದರೂ ನಾವು ಕಲಿಸುವ ಸಾಧನೆಯ ಎಲುಬು ಯೂಕ್ಲಿಡ್‌ನ ಆರನೆಯ ಸಂಪುಟದ ಎರಡನೆಯ ಪ್ರಮೇಯದಲ್ಲಿದೆ. ಉದ್ದಗಳ ಅನುಪಾತವನ್ನು ನೇರವಾಗಿ ಹಿಡಿಯಲಾಗದ ಕಡೆ ಅದನ್ನು ವಿಸ್ತೀರ್ಣಗಳ ಅನುಪಾತವಾಗಿ ಬದಲಾಯಿಸಿಕೊಂಡು, ಎರಡು ವಿಸ್ತೀರ್ಣಗಳು ಸಮವೆಂದು ತೋರಿಸಿ, ಮತ್ತೆ ಉದ್ದಗಳಿಗೆ ಹಿಂದಿರುಗುವುದು ಅದರ ಉಪಾಯ. ಯೂಕ್ಲಿಡ್ ಲಂಬಗಳನ್ನು ಎಳೆಯುವುದಿಲ್ಲ, ಏಕೆಂದರೆ ಒಂದೇ ಎತ್ತರದ ತ್ರಿಭುಜಗಳ ವಿಸ್ತೀರ್ಣಗಳು ಪಾದಗಳ ಅನುಪಾತದಲ್ಲಿರುತ್ತವೆ ಎಂಬುದನ್ನು ಅವನು ಅದರ ಹಿಂದಿನ ಪ್ರಮೇಯದಲ್ಲೇ ಸಾಧಿಸಿರುತ್ತಾನೆ. ನಾವು ½ × ಪಾದ × ಎತ್ತರ ಎಂಬ ಸೂತ್ರವನ್ನು ಬಳಸುವುದರಿಂದ DM ಮತ್ತು EN ಬೇಕಾಗುತ್ತವೆ.

ನಾನು ಬಳಸುವ ಸಾಧನ ಮ್ಯಾನಿಮ್ ಎಂಬ ಪೈಥಾನ್ ಗ್ರಂಥಾಲಯ. ಗ್ರಾಂಟ್ ಸ್ಯಾಂಡರ್ಸನ್ ತಮ್ಮ ಗಣಿತದ ವೀಡಿಯೊಗಳಿಗಾಗಿ ಬರೆದುಕೊಂಡ ಈ ತಂತ್ರಾಂಶದ ಸಮುದಾಯ ಆವೃತ್ತಿ 2020ರಲ್ಲಿ ಬೇರೆಯಾಯಿತು. ಹೊಸದಾಗಿ ತೊಡಗುವವರಿಗೆ ಅದೇ ಸುಲಭ. ಇದರಲ್ಲಿ ಚಿತ್ರವನ್ನು ಕೈಯಿಂದ ಎಳೆಯುವುದಿಲ್ಲ, ಬಿಂದುಗಳ ನಿರ್ದೇಶಾಂಕಗಳನ್ನು ಕೊಡುತ್ತೇವೆ. ಆದ್ದರಿಂದ ಮೊದಲ ನಿರ್ಧಾರ ತ್ರಿಭುಜದ ಆಕಾರದ ಕುರಿತದ್ದು. ಅದು ಸಮದ್ವಿಬಾಹುವಾಗಿರಬಾರದು, D ಮಧ್ಯಬಿಂದುವಾಗಿರಬಾರದು. ಎರಡರಲ್ಲಿ ಯಾವುದಾದರೂ ಒಂದಿದ್ದರೆ ಪ್ರಮೇಯ ಹೇಳದ ಸಮತೆಗಳು ಕಣ್ಣಿಗೆ ಬಿದ್ದು, ವಿದ್ಯಾರ್ಥಿ ಅವುಗಳನ್ನೇ ಕಾರಣವೆಂದು ಹಿಡಿದುಕೊಳ್ಳುತ್ತಾನೆ.

```python
A = np.array([-3.5, 3, 0])
B = np.array([-6.5, -2, 0])
C = np.array([0.5, -2, 0])
D = A + 0.6 * (B - A)
E = A + 0.6 * (C - A)
```

0.6 ಎಂದರೆ AD ಮತ್ತು DB ಗಳ ಅನುಪಾತ 3:2. ಮ್ಯಾನಿಮ್‌ನ ಪರದೆಯ ಎತ್ತರ 8 ಮಾನ, ಅಗಲ ಸುಮಾರು 14.2 ಮಾನ, ಮೂಲಬಿಂದು ನಟ್ಟ ನಡುವೆ ಇರುತ್ತದೆ. ಹೀಗೆ ಇಟ್ಟರೆ ತ್ರಿಭುಜ ಎಡಭಾಗದಲ್ಲಿ ನಿಂತು ಸಮೀಕರಣಗಳಿಗೆ ಬಲಭಾಗ ಪೂರ್ತಿ ಖಾಲಿ ಸಿಗುತ್ತದೆ. ಈ ನಿರ್ದೇಶಾಂಕಗಳಲ್ಲಿ ಇನ್ನೊಂದು ಅನುಕೂಲವಿದೆ: E ಇಂದ AB ಗೆ ಎಳೆದ ಲಂಬದ ಪಾದ N, A ಮತ್ತು D ಗಳ ನಡುವೆಯೇ ಬೀಳುತ್ತದೆ, M ಕೂಡ A ಮತ್ತು E ಗಳ ನಡುವೆ ಬೀಳುತ್ತದೆ. ತ್ರಿಭುಜವನ್ನು ಬಹಳ ಓರೆಯಾಗಿ ಎಳೆದರೆ ಇವುಗಳಲ್ಲಿ ಒಂದು ತ್ರಿಭುಜದ ಹೊರಗೆ ಹೋಗಿ ಅನಗತ್ಯವಾದ ಪ್ರಶ್ನೆಯೊಂದು ಹುಟ್ಟಿಕೊಳ್ಳುತ್ತದೆ.

ಇನ್ನು ಕ್ರಮದ ವಿಷಯ. ಪುಸ್ತಕದಲ್ಲಿ 'ರಚನೆ' ಎಂಬ ಶೀರ್ಷಿಕೆಯಡಿ BE, CD, DM, EN ನಾಲ್ಕನ್ನೂ ಒಟ್ಟಿಗೆ ಎಳೆಯಲು ಹೇಳಿರುತ್ತದೆ. ಉತ್ತರ ಪತ್ರಿಕೆಯಲ್ಲಿ ಅದೇ ಸರಿ. ಆದರೆ ಪರದೆಯ ಮೇಲೆ ನಾಲ್ಕೂ ಒಮ್ಮೆಲೇ ಬಂದರೆ ಅಚ್ಚಿನ ಚಿತ್ರದ ತೊಂದರೆಯನ್ನೇ ಬಣ್ಣದಲ್ಲಿ ಮರಳಿ ತಂದಂತಾಗುತ್ತದೆ. ಆದ್ದರಿಂದ ನಾನು ಸಾಧನೆಯನ್ನು ಎರಡು ಅರ್ಧಗಳಾಗಿ ಒಡೆಯುತ್ತೇನೆ. ಮೊದಲ ಅರ್ಧದಲ್ಲಿ ಪರದೆಯ ಮೇಲೆ ದತ್ತ ಮಾತ್ರ ಇರುತ್ತದೆ, ಗುರಿ ಬಲಭಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರೆದಿರುತ್ತದೆ. AD ಮತ್ತು DB ಎರಡೂ ಒಂದೇ ಗೆರೆಯ ಮೇಲಿವೆ ಎಂಬುದನ್ನು ಆ ಗೆರೆಯನ್ನು ಬೆಳಗಿಸಿ ತೋರಿಸುತ್ತೇನೆ. ಈ ಎರಡು ತುಂಡುಗಳನ್ನೂ ಪಾದವಾಗಿ ಇಟ್ಟುಕೊಂಡು, ಒಂದೇ ಶೃಂಗ ಇರುವ ಎರಡು ತ್ರಿಭುಜಗಳನ್ನು ಕಟ್ಟಬಹುದೇ ಎಂದು ಕೇಳುತ್ತೇನೆ. ಅನಂತರ ನಿಲ್ಲುತ್ತೇನೆ. ಶೃಂಗ ಬೇಕಾದ ಜಾಗದಲ್ಲಿ E ಆಗಲೇ ಇದೆ, ಒಂದು ಗೆರೆ ಮಾತ್ರ ಕಡಿಮೆ ಇದೆ ಎಂಬುದು ಕೆಲವರಿಗಾದರೂ ಹೊಳೆಯಲು ಅಷ್ಟು ಅವಕಾಶ ಬೇಕು. ಆಮೇಲೆ BE ಒಂದೇ ಎಳೆಯಲ್ಪಡುತ್ತದೆ. EN ಬರುತ್ತದೆ. ಮೊದಲ ಅನುಪಾತ ಮುಗಿಯುವವರೆಗೆ CD ಮತ್ತು DM ಗಳ ಸುಳಿವೇ ಇರುವುದಿಲ್ಲ.

ಈ 'ನಿಲ್ಲುತ್ತೇನೆ' ಎಂಬುದರ ಅಳತೆ ಎಷ್ಟು? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದೂ, ಅದನ್ನು 3 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸದೆ ಉಳಿಯುವುದು ಕಡಿಮೆಯಾಗುತ್ತದೆ ಎಂದೂ ಕಂಡುಕೊಂಡರು. ಕುತೂಹಲದ ಸಂಗತಿಯೆಂದರೆ ಮ್ಯಾನಿಮ್‌ನಲ್ಲಿ `self.wait()` ಎಂದಷ್ಟೇ ಬರೆದರೆ ಸಿಗುವುದೂ ಒಂದೇ ಸೆಕೆಂಡು. ಹಾಗಾಗಿ ಯೋಚಿಸದೆ ಬರೆದ ವೀಡಿಯೊ, ಯೋಚಿಸದೆ ಕೇಳಿದ ಪ್ರಶ್ನೆಯಷ್ಟೇ ಅವಸರದ್ದಾಗುತ್ತದೆ. ರೋ ಅವರು ಇನ್ನೊಂದು ವಿರಾಮದ ಬಗ್ಗೆಯೂ ಹೇಳಿದ್ದರು: ವಿದ್ಯಾರ್ಥಿ ಉತ್ತರ ಹೇಳಿದ ಮೇಲೆ, ಶಿಕ್ಷಕರು ಮರುಮಾತು ಆಡುವ ಮುನ್ನಿನ ವಿರಾಮ. ವೀಡಿಯೊದಲ್ಲಿ ವಿದ್ಯಾರ್ಥಿಯ ಉತ್ತರ ನಮಗೆ ಕೇಳಿಸದು. ಆದರೆ ಪರದೆಯ ಮೇಲೆ ಸರಿಯುತ್ತರ ಮೂಡಿದ ಮೇಲೆ, ಅವನು ತನ್ನ ಉತ್ತರವನ್ನು ಅದರೊಂದಿಗೆ ಹೋಲಿಸಿ ನೋಡಲು ಇನ್ನೊಂದು ವಿರಾಮ ಬೇಕೇ ಬೇಕು. ಬಹುತೇಕ ವೀಡಿಯೊಗಳಲ್ಲಿ ಮೊದಲನೆಯದು ಅಷ್ಟಿಷ್ಟು ಇರುತ್ತದೆ, ಎರಡನೆಯದು ಇರುವುದೇ ಇಲ್ಲ.

ನನ್ನ ಪಾಠಗಳಲ್ಲಿ ಹೊಸ ಗೆರೆಯೊಂದು ಎಳೆದು ಮುಗಿದ ಮೇಲೆ ಕಣ್ಣು ಅದನ್ನು ಹಿಡಿಯಲು ಒಂದೂವರೆ ಸೆಕೆಂಡು ಸಾಕಾಗುತ್ತದೆ. ಪ್ರಶ್ನೆಯ ನಂತರ 4ರಿಂದ 6 ಸೆಕೆಂಡು ಬೇಕು, ಉತ್ತರದ ನಂತರ 3 ಸೆಕೆಂಡು ಬೇಕು. ಇವು ನಿಯಮಗಳಲ್ಲ, ಇದೇ ಪ್ರಮೇಯಕ್ಕೆ ಒಗ್ಗಿದ ಅಳತೆಗಳು. ಪ್ರಶ್ನೆಯ ವಿರಾಮದಲ್ಲಿ ಪರದೆಯ ಮೇಲೆ ಏನೊಂದೂ ಅಲುಗಾಡಬಾರದು. ಅಲುಗಾಡುವ ವಸ್ತು ಯಾವುದೇ ಇರಲಿ, ಕಣ್ಣು ಅಲ್ಲಿಗೇ ಹೋಗುತ್ತದೆ, ಚಿತ್ರದ ಕಡೆಗಲ್ಲ. ಆದರೆ ಇದರಿಂದ ಒಂದು ವಿಚಿತ್ರ ತೊಡಕು ಬರುತ್ತದೆ. ಫೋನಿನಲ್ಲಿ ನೋಡುವ ವಿದ್ಯಾರ್ಥಿಗೆ ಮಾತೂ ನಿಂತು ಚಿತ್ರವೂ ನಿಂತರೆ ನೆಟ್‌ವರ್ಕ್ ಹೋಯಿತೆಂದೇ ಅನ್ನಿಸುತ್ತದೆ. ಅವನು ಪರದೆಯನ್ನು ತಟ್ಟುತ್ತಾನೆ, ಹತ್ತು ಸೆಕೆಂಡು ಮುಂದೆ ಹಾರುತ್ತಾನೆ, ಉತ್ತರದ ಮೇಲೆಯೇ ಬಂದು ಇಳಿಯುತ್ತಾನೆ. ಕೆಲವರು ಇದಕ್ಕೆ ಸುತ್ತುತ್ತ ಕರಗುವ ಗಡಿಯಾರದ ಬಳೆಯೊಂದನ್ನು ಮೂಲೆಯಲ್ಲಿ ಇಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆರು ಸೆಕೆಂಡೂ ವಿದ್ಯಾರ್ಥಿ ಆ ಬಳೆಯನ್ನೇ ನೋಡುತ್ತಾನೆ. ಪ್ರಶ್ನೆಯನ್ನೇ ಚಿಕ್ಕದಾಗಿ ಕೆಳಗೆ ಬರೆದು, ಅದರ ಪಕ್ಕದಲ್ಲಿ 'ಯೋಚಿಸಿ' ಎಂಬ ಅಲುಗದ ಪದವನ್ನು ಇಟ್ಟರೆ ಸಾಕು. ಮೊದಲ ಸಲ ಅದು ಬಂದಾಗ ನಿರೂಪಣೆಯಲ್ಲಿ "ಈ ಪದ ಕಂಡಾಗಲೆಲ್ಲ ನಾನು ಮಾತು ನಿಲ್ಲಿಸುತ್ತೇನೆ" ಎಂದು ಒಮ್ಮೆ ಹೇಳಿಬಿಡಬೇಕು.

ಈ ಸಾಧನೆಯಲ್ಲಿ ಅತ್ಯಂತ ಉದ್ದನೆಯ ವಿರಾಮಕ್ಕೆ ಅರ್ಹವಾದ ಜಾಗ ಪುಸ್ತಕದಲ್ಲಿ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ. ADE ತ್ರಿಭುಜದ ವಿಸ್ತೀರ್ಣ ½ × AD × EN ಎಂದಾಗ ಯಾರಿಗೂ ಅನುಮಾನವಿಲ್ಲ, ಏಕೆಂದರೆ EN ಆ ತ್ರಿಭುಜದ ಒಳಗೇ ಇದೆ. ಮುಂದಿನ ಸಾಲು BDE ತ್ರಿಭುಜದ ವಿಸ್ತೀರ್ಣ ½ × DB × EN ಎನ್ನುತ್ತದೆ. ಇಲ್ಲಿ ಒಬ್ಬಳು ವಿದ್ಯಾರ್ಥಿನಿ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು, "ಮೇಡಂ, EN ಈ ತ್ರಿಭುಜದೊಳಗೆ ಇಲ್ಲವೇ ಇಲ್ಲವಲ್ಲ" ಎಂದಳು. ಅವಳ ಮಾತು ಅಕ್ಷರಶಃ ನಿಜ. BDE ಯಲ್ಲಿ D ಹತ್ತಿರದ ಕೋನ ವಿಶಾಲಕೋನ. ಆದ್ದರಿಂದ E ಇಂದ DB ಪಾದಕ್ಕೆ ಎಳೆಯುವ ಎತ್ತರ ಪಾದವನ್ನು D ಆಚೆಗೆ ಮುಂದುವರಿಸಿದ ಭಾಗದ ಮೇಲೆ, ತ್ರಿಭುಜದ ಹೊರಗೆ ಬೀಳುತ್ತದೆ. ಎತ್ತರವೆಂದರೆ ಶೃಂಗದಿಂದ ಪಾದವಿರುವ ಇಡೀ ಸರಳರೇಖೆಗೆ ಇರುವ ಲಂಬದೂರ ಎಂಬುದನ್ನು ಬಾಯಲ್ಲಿ ಎಷ್ಟು ಸಲ ಹೇಳಿದರೂ ಅದು ನಾಟುವುದು ಕಷ್ಟ. ಇಲ್ಲಿ ಅನಿಮೇಷನ್ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಆ ಭಾಗವನ್ನು ಹೀಗೆ ಹೆಣೆಯಬಹುದು. ಮೊದಲು ADE ಯ ತುಂಬುಬಣ್ಣ ಮಾಸುತ್ತದೆ, EN ಮಾತ್ರ ತನ್ನ ಬಣ್ಣದಲ್ಲೇ ಉಳಿಯುತ್ತದೆ. BDE ತುಂಬಿಕೊಳ್ಳುತ್ತದೆ. "DB ಪಾದವಾದರೆ E ಇಂದ ಎತ್ತರ ಯಾವುದು?" ಎಂಬ ಪ್ರಶ್ನೆ. ಆರು ಸೆಕೆಂಡು ಏನೂ ಇಲ್ಲ. ಅನಂತರ DB ಯನ್ನು B ಕಡೆಯಿಂದ D ಮೂಲಕ A ವರೆಗೆ ಚುಕ್ಕಿಗೆರೆಯಾಗಿ, ಎರಡು ಸೆಕೆಂಡಿನಲ್ಲಿ, ನಿಧಾನವಾಗಿ ಮುಂದುವರಿಸಬೇಕು. ಆ ಗೆರೆ N ಅನ್ನು ದಾಟುವ ಗಳಿಗೆಯಲ್ಲಿ ಲಂಬಕೋನದ ಗುರುತು ಒಮ್ಮೆ ಮಿನುಗಬೇಕು. ಇಷ್ಟೇ. ಹೊಸ ಗೆರೆ ಎಳೆಯಲಿಲ್ಲ, ಹಳೆಯ EN ಅನ್ನು ಎರಡನೆಯ ತ್ರಿಭುಜದ ಕಣ್ಣಿನಿಂದ ನೋಡಿದೆವು ಎಂಬುದು ಬಣ್ಣ ಬದಲಾಗದೆ ಇರುವುದರಿಂದಲೇ ತಿಳಿಯುತ್ತದೆ. EN ಗೆ ಒಮ್ಮೆ ಕೊಟ್ಟ ಬಣ್ಣವನ್ನು ಚಿತ್ರದಲ್ಲೂ ಸಮೀಕರಣದಲ್ಲೂ ಕೊನೆಯವರೆಗೆ ಬದಲಿಸಬಾರದು.

ಸಮೀಕರಣದ ಕಡೆ ಬಂದರೆ, ಭಾಗಾಕಾರದಲ್ಲಿ ½ ಮತ್ತು EN ಹೊಡೆದುಹೋಗುವುದನ್ನು ತೋರಿಸಲು ಪದಗಳನ್ನು ಪರದೆಯ ತುಂಬ ಹಾರಿಸುವ ಆಸೆ ಯಾರಿಗಾದರೂ ಬರುತ್ತದೆ; ಮ್ಯಾನಿಮ್‌ನಲ್ಲಿ ಅದಕ್ಕೆ ಬೇಕಾದಷ್ಟು ಸಲಕರಣೆಗಳೂ ಇವೆ. ಆದರೆ ಈ ಹಂತದಲ್ಲಿ ಗಣಿತ ಮಾಡುತ್ತಿರುವುದು ಬಹಳ ಸರಳವಾದ ಕೆಲಸ, ಹಾಗಾಗಿ ಅವೆರಡನ್ನು ಮಂಕಾಗಿಸಿ ಮರೆಮಾಡಿದರೆ ಸಾಕು. ತಾಂತ್ರಿಕವಾಗಿ ಒಂದು ಎಚ್ಚರ: `\frac` ಒಳಗಿನ ತುಂಡುಗಳನ್ನು `MathTex` ನಲ್ಲಿ ಬೇರ್ಪಡಿಸಲು ಹೋದರೆ ಲೇಟೆಕ್ ಸಾಲು ಅರ್ಧಕ್ಕೆ ಕತ್ತರಿಸಿಹೋಗಿ ದೋಷ ಬರುತ್ತದೆ. ಅಂಶವನ್ನೂ ಛೇದವನ್ನೂ ಎರಡು ಬೇರೆ ಸಾಲುಗಳಾಗಿ ಬರೆದು, ನಡುವೆ ನಾವೇ ಒಂದು ಗೆರೆ ಇಟ್ಟುಕೊಂಡರೆ ಪ್ರತಿಯೊಂದು ಪದವೂ ಕೈಗೆ ಸಿಗುತ್ತದೆ.

ಎರಡನೆಯ ಅರ್ಧ ಮೊದಲನೆಯದರ ಪಡಿಯಚ್ಚು: CD ಸೇರಿಸಿ, DM ಎಳೆದು, ADE ಯನ್ನು ಈಗ AE ಪಾದದ ಮೇಲೆ ನಿಲ್ಲಿಸಿ ನೋಡಿದರೆ AE/EC ಸಿಗುತ್ತದೆ. ಇದನ್ನು ಮೊದಲಿನಷ್ಟೇ ನಿಧಾನವಾಗಿ ತೋರಿಸುವುದು ಅನಗತ್ಯ, ವಿದ್ಯಾರ್ಥಿಗಳಿಗೂ ಬೇಸರ. ಇಲ್ಲಿ ನಿರೂಪಣೆಯನ್ನೇ ತೆಗೆದು, ಗೆರೆಗಳನ್ನು ಮಾತ್ರ ಬರಿಸಿ, ಸಮೀಕರಣದ ಜಾಗವನ್ನು ಖಾಲಿ ಬಿಟ್ಟು "ಈ ಸಾಲುಗಳನ್ನು ನೀವೇ ಬರೆಯಿರಿ" ಎನ್ನುವುದು ಉತ್ತಮ. ಆದರೆ ಬರೆಯಲು ಎಷ್ಟು ಸೆಕೆಂಡು ಬಿಡಬೇಕೆಂದು ವೀಡಿಯೊ ಮಾಡುವವರು ನಿರ್ಧರಿಸಲಾಗದು. ಮುಂದಿನ ಬೆಂಚಿನವಳು ಮುಗಿಸಿ ಕುಳಿತಿರುವಾಗ ಹಿಂದಿನ ಬೆಂಚಿನವನು ಸ್ಕೇಲು ಹುಡುಕುತ್ತಿರುತ್ತಾನೆ. ಬರವಣಿಗೆಯ ವಿರಾಮ ಶಿಕ್ಷಕರ ಕೈಯಲ್ಲೇ ಇರಬೇಕು. ತರಗತಿಯಲ್ಲಿ ತೋರಿಸುವುದಾದರೆ `manim-slides` ಎಂಬ ಜೋಡಣೆ ಇದೆ: `self.next_slide()` ಎಂದು ಬರೆದ ಕಡೆಯೆಲ್ಲ ಚಿತ್ರ ನಿಂತು, ಶಿಕ್ಷಕರು ಕೀಲಿ ಒತ್ತುವವರೆಗೆ ಕಾಯುತ್ತದೆ. ನೋಟ ಮತ್ತು ಯೋಚನೆಯ ವಿರಾಮಗಳು ಸೆಕೆಂಡುಗಳಲ್ಲಿ, ಬರವಣಿಗೆಯ ವಿರಾಮ ಕೀಲಿಯಲ್ಲಿ ಎಂದು ಹಂಚಿಕೊಂಡರೆ ಎರಡೂ ಹದವಾಗಿ ನಡೆಯುತ್ತವೆ.

ಈಗ ಸಾಧನೆಯ ತಿರುಳು. ADE ಎರಡೂ ಅನುಪಾತಗಳಲ್ಲಿ ಇದೆ. ಆದ್ದರಿಂದ BDE ಮತ್ತು DEC ಗಳ ವಿಸ್ತೀರ್ಣಗಳು ಸಮವೆಂದು ತೋರಿಸಿದರೆ ಎಲ್ಲವೂ ಮುಗಿಯಿತು. ಎರಡಕ್ಕೂ DE ಪಾದ, ಎರಡೂ DE ಮತ್ತು BC ಎಂಬ ಸಮಾಂತರಗಳ ನಡುವೆ ಇವೆ. ಒಂಬತ್ತನೆಯ ತರಗತಿಯಲ್ಲೋ ಅದಕ್ಕೂ ಮುಂಚೆಯೋ ಕೇಳಿದ ಈ ಮಾತು ಹೆಚ್ಚಿನವರಿಗೆ ಮರೆತುಹೋಗಿರುತ್ತದೆ. ಅದನ್ನು ಹೊಸದಾಗಿ ಕಾಣಿಸಲು BDE ಯ ಶೃಂಗ B ಯನ್ನು BC ಗೆರೆಯ ಮೇಲೆ ಜಾರಿಸಿಕೊಂಡು C ಗೆ ತರುತ್ತೇನೆ.

```python
s = ValueTracker(0)
tri = always_redraw(lambda: Polygon(
    D, E, B + s.get_value() * (C - B),
    color=YELLOW, fill_opacity=0.4))
self.add(tri)
self.wait(5)
self.play(s.animate.set_value(1),
          run_time=5, rate_func=linear)
self.wait(3)
```

ಇಲ್ಲಿ `rate_func=linear` ಎಂಬುದನ್ನು ಬೇಕೆಂದೇ ಬರೆದಿದ್ದೇನೆ. ಅದಿಲ್ಲದಿದ್ದರೆ ಚಲನೆ ಮೆಲ್ಲನೆ ಹೊರಟು ನಡುವೆ ವೇಗವಾಗಿ ಓಡಿ ಮತ್ತೆ ಮೆಲ್ಲಗಾಗುತ್ತದೆ. ನೋಡಲು ಅದು ಸೊಗಸು, ಆದರೆ ನಮಗೆ ಬೇಕಾದ ನಡುವಿನ ತ್ರಿಭುಜಗಳೇ ಕಣ್ತಪ್ಪುತ್ತವೆ. ಜಾರುವ ಮೊದಲಿನ ಐದು ಸೆಕೆಂಡು "ಶೃಂಗ ಜಾರಿದಾಗ ವಿಸ್ತೀರ್ಣ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?" ಎಂಬ ಪ್ರಶ್ನೆಗೆ ಮೀಸಲು. ಊಹೆ ಮೊದಲು, ಚಲನೆ ಅನಂತರ. ಈ ಕ್ರಮ ತಿರುವುಮುರುವಾದರೆ ನೋಡಿದವರೆಲ್ಲ "ಹೌದು, ಗೊತ್ತಿತ್ತು" ಎನ್ನುತ್ತಾರೆ.

ಜಾರುವ ತ್ರಿಭುಜ ಸಾಧನೆಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕಣ್ಣಿಗೆ ಕಾಣುವುದು ಆಕಾರದ ಬದಲಾವಣೆ. ವಿಸ್ತೀರ್ಣ ಸಮವಾಗಿ ಉಳಿಯಿತೆಂಬುದು ಕಣ್ಣಿಗೆ ಕಾಣುವ ಸಂಗತಿಯೇ ಅಲ್ಲ. ಕಾಣುವಂತೆ ಮಾಡಬೇಕಾದದ್ದು ಕಾರಣವನ್ನು, ಅಂದರೆ ಎತ್ತರವನ್ನು. ಅದಕ್ಕಾಗಿ ಜಾರುವ ಶೃಂಗದಿಂದ DE ಯ ರೇಖೆಗೆ ಒಂದು ಲಂಬವನ್ನು ಕಟ್ಟಿ ಅದೂ ಜೊತೆಯಲ್ಲೇ ಸಾಗುವಂತೆ ಮಾಡುತ್ತೇನೆ. ಉದ್ದ ಬದಲಾಗದ ಆ ಲಂಬ ಸಮಾಂತರಗಳ ನಡುವೆ ನೆಟ್ಟಗೆ ನಡೆದುಹೋಗುವುದನ್ನು ನೋಡಿದ ಮೇಲೆ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯ ಅಷ್ಟಾಗಿ ಇರುವುದಿಲ್ಲ. ನಮ್ಮ ನಿರ್ದೇಶಾಂಕಗಳಲ್ಲಿ ಈ ಎತ್ತರ 2, DE ಯ ಉದ್ದ 4.2, ಹಾಗಾಗಿ ಎಲ್ಲ ಸ್ಥಿತಿಯಲ್ಲೂ ವಿಸ್ತೀರ್ಣ 4.2 ಆಗಿಯೇ ಇರುತ್ತದೆ. ಆ ಅಂಕಿಯನ್ನು ಪರದೆಯ ಮೇಲೆ ಓಡಿಸಬೇಕೆ? ನಾನು ಓಡಿಸುವುದಿಲ್ಲ. ಅಂಕಿ ಕಂಡರೆ ಅಳೆದು ನೋಡಿದಂತಾಯಿತು, ಇನ್ನು ಸಾಧಿಸುವುದು ಏತಕ್ಕೆ ಎಂಬ ಭಾವನೆ ಬರುತ್ತದೆ.

ಅದರ ಬದಲು ಆ ಜಾಗದಲ್ಲಿ ಒಂದು ತಪ್ಪು ಚಿತ್ರವನ್ನು ತೋರಿಸುವುದು ಹೆಚ್ಚು ಫಲ ಕೊಡುತ್ತದೆ. E ಯನ್ನು AC ಯ ಮೇಲೆ ಸ್ವಲ್ಪ ಮೇಲಕ್ಕೆ ಸರಿಸಿ, DE ಸಮಾಂತರವಲ್ಲದಂತೆ ಮಾಡಿ, ಅದೇ ಜಾರಾಟವನ್ನು ಮತ್ತೊಮ್ಮೆ ನಡೆಸಬೇಕು. ಈಗ ಶೃಂಗ B ಇಂದ C ಕಡೆಗೆ ಸಾಗಿದಂತೆ ಲಂಬ ಉದ್ದವಾಗುತ್ತ ಹೋಗುತ್ತದೆ. ಇಡೀ ಸಾಧನೆಯಲ್ಲಿ 'DE ಸಮಾಂತರ BC' ಎಂಬ ದತ್ತ ಬಳಕೆಯಾಗುವುದು ಈ ಒಂದೇ ಹಂತದಲ್ಲಿ. ಮೊದಲ ಎರಡು ಅನುಪಾತಗಳಿಗೆ ಅದು ಬೇಕೇ ಇರಲಿಲ್ಲ. ದತ್ತವನ್ನು ಎಲ್ಲಿ ಬಳಸಿದೆವು ಎಂದು ಕೇಳಿದಾಗ ಸಾಧನೆಯನ್ನು ಬಾಯಿಪಾಠ ಮಾಡಿದವರು ತಡವರಿಸುತ್ತಾರೆ. ಲಂಬ ಉದ್ದವಾದದ್ದನ್ನು ಕಂಡವರು ಸುಮ್ಮನೆ ಆ ಸಾಲಿನ ಮೇಲೆ ಬೆರಳಿಡುತ್ತಾರೆ.

ನಿರೂಪಣೆಯ ಜೋಡಣೆಗೆ `manim-voiceover` ಎಂಬ ಇನ್ನೊಂದು ಜೋಡಣೆ ಅನುಕೂಲಕರ. ಪ್ರತಿ ವಾಕ್ಯಕ್ಕೂ ಒಂದು ಖಂಡ. ಖಂಡದ ಒಳಗಿನ ಚಲನೆ ಬೇಗ ಮುಗಿದರೂ ಮಾತು ಮುಗಿಯುವವರೆಗೆ ಅದು ತಾನೇ ಕಾಯುತ್ತದೆ.

```python
with self.voiceover(text="E ಇಂದ AB ಗೆ ಲಂಬ EN ಎಳೆಯೋಣ."):
    self.play(Indicate(dot_E))
    self.play(Create(EN), run_time=1.5)
self.wait(4)
```

ಯೋಚನೆಯ ವಿರಾಮವಾದ `self.wait(4)` ಖಂಡದ ಹೊರಗೆ ಇದೆಯೆಂಬುದನ್ನು ಗಮನಿಸಿ. ಅದನ್ನು ಒಳಗೆ ಬರೆದರೆ ನಾಲ್ಕು ಸೆಕೆಂಡುಗಳು ಮಾತಿನ ಅಡಿಯಲ್ಲೇ ಕರಗಿಹೋಗುತ್ತವೆ. ಸಂಕೇತದಲ್ಲಿ ವಿರಾಮವಿದ್ದರೂ ಕಿವಿಗೆ ಅದು ಸಿಗುವುದಿಲ್ಲ. ಉದಾಹರಣೆಗಳಲ್ಲಿ ಸಾಮಾನ್ಯವಾಗಿ ಕಾಣುವ `run_time=tracker.duration` ಎಂಬ ರೂಢಿಯೂ ಇಲ್ಲಿ ಒಗ್ಗುವುದಿಲ್ಲ, ಏಕೆಂದರೆ ವಾಕ್ಯ ಉದ್ದವಾದಷ್ಟೂ ಗೆರೆ ತೆವಳುತ್ತದೆ. ನಮ್ಮ ವಾಕ್ಯದಲ್ಲಿ ಎಲ್ಲಿಂದ, ಎಲ್ಲಿಗೆ ಎಂಬುದು ಮೊದಲು ಬಂದು 'ಎಳೆಯೋಣ' ಎಂಬ ಕ್ರಿಯೆ ಕೊನೆಗೆ ಬರುತ್ತದೆ. ಚಿತ್ರವೂ ಅದೇ ಕ್ರಮದಲ್ಲಿ ನಡೆಯಬೇಕು: E ಎಂದಾಗ ಆ ಬಿಂದು ಮಿನುಗಲಿ, AB ಎಂದಾಗ ಆ ಬಾಹು ಬೆಳಗಲಿ, ಗೆರೆ ಹೊರಡುವುದು ಕ್ರಿಯಾಪದದ ಹೊತ್ತಿಗೆ. ವಾಕ್ಯ ಶುರುವಾದೊಡನೆ ಗೆರೆ ಎಳೆದುಬಿಟ್ಟರೆ ಉಳಿದ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಧ್ವನಿಯನ್ನು ಮನೆಯಲ್ಲೇ ಮುದ್ರಿಸುವವರು ವಿರಾಮದ ಜಾಗದಲ್ಲಿ ಶುದ್ಧ ನಿಶ್ಶಬ್ದವನ್ನು ತುಂಬಬಾರದು. ಮಾತಿನ ಹಿಂದೆ ಫ್ಯಾನಿನ ಸಣ್ಣ ಗುಂಯ್ ಎಂಬ ಸದ್ದು ಇದ್ದೇ ಇರುತ್ತದೆ. ವಿರಾಮದಲ್ಲಿ ಅದು ಥಟ್ಟನೆ ಕಡಿದುಹೋದರೆ ಧ್ವನಿ ಕೆಟ್ಟಿತೆಂದು ಕೇಳುಗರು ಹೆಡ್‌ಫೋನ್ ಸರಿಪಡಿಸಿಕೊಳ್ಳುತ್ತಾರೆ. ಅದೇ ಕೋಣೆಯಲ್ಲಿ ಏನೂ ಮಾತಾಡದೆ ಅರ್ಧ ನಿಮಿಷ ಮುದ್ರಿಸಿಟ್ಟುಕೊಂಡು, ಆ ಸದ್ದನ್ನೇ ವಿರಾಮಗಳಿಗೆ ಹಾಸಿದರೆ ಈ ತೊಂದರೆ ಇರುವುದಿಲ್ಲ. (ಅಡುಗೆಮನೆಯ ಕುಕ್ಕರ್ ಸೀಟಿ ಮುಗಿದ ಮೇಲೆ ಮುದ್ರಿಸಿ ಎಂಬುದನ್ನು ಬೇರೆ ಹೇಳಬೇಕಿಲ್ಲ.)

ಕನ್ನಡ ಅಕ್ಷರಗಳ ಬಗ್ಗೆ ಒಂದು ಮಾತು. ಮ್ಯಾನಿಮ್‌ನ `Text` ಪ್ಯಾಂಗೋ ಎಂಬ ಪಠ್ಯ ವ್ಯವಸ್ಥೆಯನ್ನು ಬಳಸುವುದರಿಂದ, ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಹೆಸರಿಸಿದರೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. `Tex` ಹಾಗಲ್ಲ; ಅದರ ಸಾಮಾನ್ಯ ಏರ್ಪಾಟಿನಲ್ಲಿ ಕನ್ನಡ ಬರುವುದಿಲ್ಲ. ಆದ್ದರಿಂದ ಸೂತ್ರಗಳಿಗೆ `MathTex`, ವಾಕ್ಯಗಳಿಗೆ `Text` ಎಂದು ಬೇರೆಬೇರೆ ಇಟ್ಟುಕೊಳ್ಳುವುದು ಕ್ಷೇಮ. ಆದರೆ ಕೈಬರಹದಂತೆ ಅಕ್ಷರಗಳನ್ನು ಮೂಡಿಸುವ `Write` ಅನ್ನು ಕನ್ನಡ ವಾಕ್ಯಕ್ಕೆ ಹಾಕಿದಾಗ ಏನಾಗುತ್ತದೆಂದು ನಿಧಾನಗತಿಯಲ್ಲಿ ನೋಡಿ: 'ತ್ರಿಭುಜ' ಎಂಬಲ್ಲಿ ಮೊದಲು 'ತಿ' ಮೂಡುತ್ತದೆ, ಕ್ಷಣ ಬಿಟ್ಟು ರಕಾರದ ಒತ್ತು ಕೆಳಗೆ ಬಂದು ಅಂಟಿಕೊಳ್ಳುತ್ತದೆ. ತಂತ್ರಾಂಶದ ಪಾಲಿಗೆ ಒತ್ತು ಬೇರೆಯೇ ಆಕೃತಿ. ಓದುವವರಿಗೆ ಇದು ಕಿರಿಕಿರಿ. ಒಂದು ಪದದ ಅಕ್ಷರಗಳನ್ನು ಎಣಿಸಿ ಬಣ್ಣ ಹಚ್ಚಲು ಹೊರಟರೆ ಎಣಿಕೆಯೂ ತಪ್ಪುತ್ತದೆ. ಬಣ್ಣ ಬೇಕಾದ ಪದವನ್ನು ಬೇರೆ `Text` ಆಗಿಯೇ ಬರೆದು ಪಕ್ಕಕ್ಕೆ ಜೋಡಿಸಿ, ಇಡೀ ಸಾಲನ್ನು `FadeIn` ನಿಂದ ಒಮ್ಮೆಗೇ ತರುವುದು ಸರಳ. ಕಡತದ ಹೆಸರು `thales.py`, ದೃಶ್ಯದ ಹೆಸರು `Thales` ಎಂದಿಟ್ಟುಕೊಂಡರೆ, ಕರಡು ನೋಡಲು `manim -pql thales.py Thales` ಎಂಬ ಆದೇಶ ಸಾಕು. ಅದರಲ್ಲಿ ಚಿತ್ರ 480 ಸಾಲಿನದಾಗಿ, ಸೆಕೆಂಡಿಗೆ 15 ಚೌಕಟ್ಟಿನಂತೆ ಬೇಗ ಸಿದ್ಧವಾಗುತ್ತದೆ. ವಿರಾಮಗಳ ಹದವನ್ನು ತೀರ್ಮಾನಿಸಲು ಅಷ್ಟೇ ಸಾಕು, ಅಂತಿಮ ಪ್ರತಿಗೆ `-qh`.

ಹದ ಸರಿಯಿದೆಯೇ ಎಂದು ತಿಳಿಯಲು ಕರಡನ್ನು ಒಮ್ಮೆ ಧ್ವನಿ ಇಲ್ಲದೆ ನೋಡಬೇಕು. ಗೆರೆಗಳು ಬರುವ ಕ್ರಮದಿಂದಲೇ ಸಾಧನೆಯ ದಾರಿ ತಿಳಿಯದಿದ್ದರೆ ದೋಷ ಚಿತ್ರದಲ್ಲಿದೆ, ಮಾತಿನಿಂದ ಅದನ್ನು ತೇಪೆ ಹಾಕಲಾಗದು. ಆಮೇಲೆ ಮನಬಂದ ಕಡೆ ನಿಲ್ಲಿಸಿ, ಆ ಚೌಕಟ್ಟನ್ನು ಮಾತ್ರ ಒಬ್ಬ ವಿದ್ಯಾರ್ಥಿಗೆ ತೋರಿಸಿ, "ಇಲ್ಲಿಯವರೆಗೆ ನಮಗೆ ಏನೇನು ಗೊತ್ತಾಗಿದೆ?" ಎಂದು ಕೇಳಬೇಕು. ಹೇಳಲು ಬಾರದಿದ್ದರೆ ಮಾಯವಾಗಬಾರದ ಸಾಲೊಂದು ಮಾಯವಾಗಿದೆ ಎಂದರ್ಥ. ನನ್ನ ಕರಡುಗಳಲ್ಲಿ ಆ ಸಾಲು ಸಾಮಾನ್ಯವಾಗಿ ಮೊದಲ ಅನುಪಾತದ್ದು: ADE ಮತ್ತು BDE ಗಳ ವಿಸ್ತೀರ್ಣಗಳ ಅನುಪಾತ AD/DB ಗೆ ಸಮ ಎಂಬ ಸಾಲು ಕೊನೆಯವರೆಗೆ ಪರದೆಯ ಬಲ ಮೇಲ್ಭಾಗದಲ್ಲಿ ಇರಲೇಬೇಕು.

ಕೊನೆಯ ಭಾಗ ಪರೀಕ್ಷೆಗೆ ಸಂಬಂಧಿಸಿದ್ದು. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯಲ್ಲಿ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ಕ್ರಮದಲ್ಲೇ ಬರೆಯಬೇಕು. ನಾವು ಹುಡುಕಿಕೊಂಡು ಹೋದ ಕ್ರಮ ಅಲ್ಲಿ ಸಲ್ಲದು. ಆದ್ದರಿಂದ ಬಣ್ಣಗಳನ್ನೆಲ್ಲ ತೆಗೆದು, ಎಂಟೂ ಗೆರೆಗಳನ್ನು ಒಂದೇ ಬಣ್ಣದಲ್ಲಿ ಇಟ್ಟು, ಬಲಭಾಗದಲ್ಲಿ ಈ ಶೀರ್ಷಿಕೆಗಳನ್ನು ಮಾತ್ರ ಬರೆದು ಒಂದೊಂದರ ಮುಂದೆಯೂ ಕೀಲಿಯ ವಿರಾಮ ಇಡುತ್ತೇನೆ. ನಾಲ್ಕು ರಚನೆಗಳೂ ಈಗ ಒಂದೇ ಸಾಲಿನಲ್ಲಿ ಬರುತ್ತವೆ, ಆದರೆ ಯಾವುದು ಯಾವ ಅನುಪಾತಕ್ಕೆಂಬುದು ನೋಡುವವರಿಗೆ ಈಗಾಗಲೇ ತಿಳಿದಿರುತ್ತದೆ.

ಇದೇ ಸಲಕರಣೆಗಳನ್ನು ವಿಲೋಮ ಪ್ರಮೇಯಕ್ಕೆ ಹಾಗೆಯೇ ಒಯ್ಯಲು ಆಗುವುದಿಲ್ಲ. ಅಲ್ಲಿ AD/DB = AE/EC ಎಂಬುದು ದತ್ತ; DE ಸಮಾಂತರವಲ್ಲ ಎಂದು ಭಾವಿಸಿ, D ಮೂಲಕ ಬೇರೊಂದು ಸಮಾಂತರ DE′ ಎಳೆದು, ಮೂಲ ಪ್ರಮೇಯವನ್ನು ಬಳಸಿ EC = E′C ಎಂದು ಕಂಡುಕೊಂಡು, E ಮತ್ತು E′ ಒಂದೇ ಬಿಂದು ಎನ್ನುತ್ತೇವೆ. E′ ಅನ್ನು ಜಾರಿಸಿ E ಮೇಲೆ ತಂದು ಕೂರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಅನಿಮೇಷನ್, ಆದರೆ ಅದು ಸುಳ್ಳು ಹೇಳುತ್ತದೆ: ಆ ಬಿಂದು ಎಲ್ಲಿಂದಲೂ ಎಲ್ಲಿಗೂ ಚಲಿಸಿದ್ದಲ್ಲ, ಬೇರೆಯಾಗಿ ಇದ್ದದ್ದೇ ಇಲ್ಲ. ಹಾಗಾಗಿ ನಾನು E′ ಮತ್ತು DE′ ಗಳನ್ನು ಮಂದವಾದ ಚುಕ್ಕಿಗೆರೆಯಲ್ಲಿ, 'ಹೀಗೆಂದು ಭಾವಿಸೋಣ' ಎಂಬ ಸಾಲಿನೊಂದಿಗೆ ತಂದು, ವಿರೋಧ ಸಿಕ್ಕ ಹಂತದಲ್ಲಿ ಚಲನೆಯಿಲ್ಲದೆ ಎರಡನ್ನೂ ಒಟ್ಟಿಗೆ ಅಳಿಸಿ, ಆ ಸಾಲನ್ನು ಮಾತ್ರ ಹೊಡೆದುಹಾಕಿ ಹಾಗೆಯೇ ಉಳಿಸುತ್ತೇನೆ.